ಇ.ಸಿ. ನಿಲ್ ಇತ್ತು, ಸ್ಟೇ ಇರಲಿಲ್ಲ. ಆದರೂ ಜಮೀನು ಹೋಗುತ್ತದೆಯೇ?

ಪ್ರಶ್ನೆ: ಜಮೀನು ಕೊಳ್ಳುವಾಗ ಅದರ ಮೇಲೆ ದಾವೆ ಇರುವುದು ನನಗೆ ಗೊತ್ತಿರಲಿಲ್ಲ. ನಾನು ಪಕ್ಷಗಾರನೂ ಅಲ್ಲ. ತೀರ್ಪು ನನ್ನನ್ನು ಹೇಗೆ ಕಟ್ಟಿಹಾಕುತ್ತದೆ?

ಉತ್ತರ: ವಾರಕ್ಕೊಮ್ಮೆಯಾದರೂ ಬರುವ ಪ್ರಶ್ನೆ. ಕಟ್ಟಿಹಾಕುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಹಕ್ಕೇ ನೇರವಾಗಿ ವಿವಾದದಲ್ಲಿರುವಾಗ ಪಕ್ಷಗಾರನೊಬ್ಬ ಅದನ್ನು ಮಾರಿದರೆ, ಎದುರು ಪಕ್ಷಕ್ಕೆ ಡಿಕ್ರಿಯಿಂದ ಸಿಗುವ ಹಕ್ಕಿಗೆ ಧಕ್ಕೆಯಾಗುವಂತಿಲ್ಲ. ಇದೇ ಲಿಸ್ ಪೆಂಡೆನ್ಸ್.

‘ಗೊತ್ತಿರಲಿಲ್ಲ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಈ ನಿಯಮ ನಿಂತಿರುವುದು ಕೊಳ್ಳುವವನ ತಿಳಿವಳಿಕೆಯ ಮೇಲಲ್ಲ. ಪ್ರತಿವಾದಿ ಒಬ್ಬರಿಗೆ ಮಾರಿ, ಅವರು ಇನ್ನೊಬ್ಬರಿಗೆ ಮಾರಿ, ವಾದಿ ಪ್ರತಿಯೊಬ್ಬರ ಮೇಲೂ ಹೊಸ ದಾವೆ ಹೂಡುತ್ತ ಹೋದರೆ ಯಾವ ದಾವೆಯೂ ಮುಗಿಯದು. 1857ರಲ್ಲೇ ಇಂಗ್ಲೆಂಡಿನ ‘ಬೆಲ್ಲಮಿ ವಿರುದ್ಧ ಸಬೈನ್’ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ. ತಡೆಯಾಜ್ಞೆಯೂ ಬೇಕಿಲ್ಲ. ಸ್ಟೇ ಇದ್ದಾಗ ಮಾರಿದರೆ ಅದು ಆಜ್ಞೆಯ ಉಲ್ಲಂಘನೆ. ಇಲ್ಲದಿದ್ದರೂ 52ನೇ ಕಲಂ ತನ್ನ ಕೆಲಸ ಮಾಡುತ್ತದೆ. ಇನ್ನು ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ; ವಾದಪತ್ರವನ್ನು ಯಾರೂ ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದಿಲ್ಲ. (ದಾವೆಯ ನೋಟಿಸನ್ನು ನೋಂದಾಯಿಸಬೇಕೆಂಬ ತಿದ್ದುಪಡಿ ಮಹಾರಾಷ್ಟ್ರ, ಗುಜರಾತ್‌ಗಳಲ್ಲಿದೆ.)

ಒಂದು ಲೆಕ್ಕ ನೋಡಿ. ತಂದೆ ತೀರಿಕೊಂಡಿದ್ದಾರೆ, 3 ಎಕರೆ ಪಿತ್ರಾರ್ಜಿತ ಜಮೀನು, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮಗಳು ಜೂನ್ 10ರಂದು ವಿಭಾಗ ದಾವೆ ಹಾಕುತ್ತಾಳೆ. ಖಾತೆ ತನ್ನ ಹೆಸರಿನಲ್ಲಿದೆಯೆಂದು ಅಣ್ಣ ಜೂನ್ 25ರಂದು ಮೂರೂ ಎಕರೆ ಮಾರುತ್ತಾನೆ. ಸಮನ್ಸ್ ಬರುವುದು ಜುಲೈನಲ್ಲಿ. ಲೆಕ್ಕಕ್ಕೆ ಬರುವುದು ವಾದಪತ್ರ ಸಲ್ಲಿಸಿದ ದಿನ, ಸಮನ್ಸ್ ಮುಟ್ಟಿದ ದಿನವಲ್ಲ. ಹಾಗೆಂದು ಕ್ರಯಪತ್ರ ಅನೂರ್ಜಿತವಲ್ಲ. ಮೂವರಿಗೂ ಸಮಪಾಲೆಂದು ಡಿಕ್ರಿಯಾದರೆ ಖರೀದಿದಾರನಿಗೆ ಅಣ್ಣನ 1 ಎಕರೆ ದಕ್ಕುತ್ತದೆ. ಉಳಿದ 2 ಎಕರೆಯ ಹಣವನ್ನು ಅಣ್ಣನಿಂದಲೇ ವಸೂಲಿ ಮಾಡಿಕೊಳ್ಳಬೇಕು. ಅಮಲ್ಜಾರಿಯಲ್ಲಿ ಅಡ್ಡ ನಿಲ್ಲೋಣವೆಂದರೆ ದಿವಾಣಿ ಸಂಹಿತೆಯ ಆದೇಶ 21, ನಿಯಮ 102 ಆ ಬಾಗಿಲನ್ನೂ ಮುಚ್ಚಿದೆ. ಅದಕ್ಕೇ ದಾವೆಯ ವಿಷಯ ತಿಳಿದ ಕೂಡಲೇ ಪಕ್ಷಗಾರನಾಗಲು ಅರ್ಜಿ ಹಾಕಬೇಕು. ಅಣ್ಣ ಹಣ ಎಣಿಸಿಕೊಂಡಾಗಿದೆ, ಕೇಸು ನಡೆಸುವ ಉತ್ಸಾಹ ಅವನಿಗೇಕೆ?

ಯಾರೂ ಕೇಳದಿದ್ದರೂ ಹೇಳಬೇಕಾದ್ದು ಒಂದಿದೆ. ‘ದಾವೆ ವಜಾ ಆಗಿದೆ, ಈಗ ಕೊಳ್ಳಬಹುದು’ ಎನ್ನುವವರಿದ್ದಾರೆ. ಮೇಲ್ಮನವಿಯೆಂದರೆ ಅದೇ ದಾವೆಯ ಮುಂದುವರಿಕೆ. ತೀರ್ಪಿಗೂ ಮೇಲ್ಮನವಿಗೂ ನಡುವಿನ ದಿನಗಳಲ್ಲಿ ಕೊಂಡವನಿಗೂ ಇದೇ ಗತಿ. ಸಿವಿಲ್ ದಾವೆಯ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ ಕಾಲಾವಕಾಶವಿದೆ. ವಿಳಂಬ ಮನ್ನಿಸಿದರೆ ಇನ್ನೂ ಹೆಚ್ಚು.

ಹಾಗಾಗಿ ಮುಂಗಡ ಕೊಡುವ ಮುನ್ನ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರಷ್ಟೇ ಅಲ್ಲ, ವಂಶವೃಕ್ಷದಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ವರ್ಷವಾರು ಹಾಕಿ ಹುಡುಕಿ. ಹೆಸರಿನ ಕಾಗುಣಿತ ಬದಲಿಸಿ ಇನ್ನೊಮ್ಮೆ ನೋಡಿ: ಒಂದೇ ‘ಲಕ್ಷ್ಮಮ್ಮ’ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯಲ್ಪಟ್ಟಿರುತ್ತಾಳೆ.