ಓಡುವಾಗ ಜಡೆ ಯಾಕೆ ನಡುಗುತ್ತದೆ? ಸ್ಪ್ರಿಂಗ್ ಬೋನ್ ಟಿಪ್ಪಣಿ

ನಮ್ಮ ಮೆಟ್ರೊದಲ್ಲಿ ನಿಂತಾಗ ತಲೆ ಮೇಲಿನ ಹಿಡಿಕೆಗಳನ್ನು ಗಮನಿಸಿ. ಬ್ರೇಕ್ ಬಿದ್ದರೆ ಮುಂದಕ್ಕೆ ವಾಲುತ್ತವೆ. ರೈಲು ನಿಂತ ಮೇಲೆ ಎರಡು ಮೂರು ಸಲ ತೂಗಿ ಸುಮ್ಮನಾಗುತ್ತವೆ. ಆದರೆ ರೈಲು ಒಂದೇ ವೇಗದಲ್ಲಿ ಓಡುವಾಗ ನೆಟ್ಟಗೆ ಇಳಿಬಿದ್ದಿರುತ್ತವೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಯೂನಿಟಿ ಗೇಮ್ ಎಂಜಿನ್‌ನಲ್ಲಿ ಮಾಡುತ್ತಿದ್ದ ಹುಡುಗಿ ಪಾತ್ರಕ್ಕೆ ಉದ್ದ ಜಡೆ. ಅದರೊಳಗೆ ಜಡೆಯನ್ನು ಬಾಗಿಸುವ 5 ಬೋನ್, ಒಂದೊಂದೂ 12 ಸೆಂ.ಮೀ. ಓಟದ ವೇಗ ಸೆಕೆಂಡಿಗೆ 5 ಮೀಟರ್. ಪ್ರತಿ ಬೋನ್‌ನ ತುದಿಯನ್ನು ಒಂದು ಚುಕ್ಕಿ ಅಂದುಕೊಂಡು, ಪ್ರತಿ ಫ್ರೇಮ್‌ನಲ್ಲೂ ಹೀಗೆ ಸರಿಸುತ್ತಿದ್ದೆ:

```
next = cur + (cur - prev) * (1 - drag) + (rest - cur) * k
```

ಹಿಂದಿನ ಫ್ರೇಮ್‌ನ ವೇಗದಲ್ಲಿ ಸ್ವಲ್ಪ ಉಳಿಸಿಕೊಳ್ಳುವುದು, ಆಮೇಲೆ ಅನಿಮೇಷನ್ ಹೇಳಿದ ಜಾಗದ ಕಡೆಗೆ ಸ್ವಲ್ಪ ಎಳೆಯುವುದು, ಇಷ್ಟೇ. `drag` 0.4, `k` 0.1 ಇಟ್ಟಿದ್ದೆ. ಹುಡುಗಿ ಓಡಿದ ಕೂಡಲೇ ಜಡೆ ರಬ್ಬರ್ ಥರ ಉದ್ದವಾಯಿತು.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ತಲೆ ಫ್ರೇಮಿಗೆ 8.3 ಸೆಂ.ಮೀ. ಮುಂದೆ ಹೋಗುತ್ತದೆ. ಡ್ರ್ಯಾಗ್ ಅದರಲ್ಲಿ 3.3 ಸೆಂ.ಮೀ. ತಿಂದುಹಾಕುತ್ತದೆ. ಅಷ್ಟನ್ನೂ ಸ್ಪ್ರಿಂಗ್ ತುಂಬಿಕೊಡಬೇಕು. ಸ್ಪ್ರಿಂಗ್ ಕೊಡುವುದು ಅಂತರದ ಹತ್ತನೇ ಒಂದು ಭಾಗ ಮಾತ್ರ. ಅಂದರೆ ಚುಕ್ಕಿ 33 ಸೆಂ.ಮೀ. ಹಿಂದೆ ಬಿದ್ದಾಗಷ್ಟೇ ಲೆಕ್ಕ ಸರಿಹೋಗುತ್ತದೆ. 12 ಸೆಂ.ಮೀ. ಬೋನ್‌ಗೆ 33 ಸೆಂ.ಮೀ. ಹಿಂದುಳಿಯುವುದು! ಹಿಗ್ಗದೆ ಇನ್ನೇನು ಮಾಡುತ್ತದೆ.

ಇದಕ್ಕೆ ಮದ್ದು ಒಂದೇ ಸಾಲು:

```
next = head + normalize(next - head) * len
```

ಇಲ್ಲಿ `head` ಅಂದರೆ ಹುಡುಗಿಯ ತಲೆಯಲ್ಲ, ಆ ಬೋನ್‌ನ ಬುಡ. ದಿಕ್ಕನ್ನು ಮಾತ್ರ ಇಟ್ಟುಕೊಂಡು ಉದ್ದವನ್ನು ಮತ್ತೆ 12 ಸೆಂ.ಮೀ.ಗೆ ತರುವುದು. ಬುಡದ ಬೋನ್‌ನಿಂದ ತುದಿಯ ಕಡೆಗೇ ಹೋಗಬೇಕು, ಯಾಕೆಂದರೆ ಒಂದರ ತುದಿ ಮುಂದಿನದರ ಬುಡ. ಬೋನ್‌ಗೆ ಬರೆಯುವಾಗ ತಿರುಗುವಿಕೆಯನ್ನು ಮಾತ್ರ ಬರೆಯಿರಿ, ಜಾಗವನ್ನು ಮುಟ್ಟಬೇಡಿ. ಆಗ ಜಡೆ ಉದ್ದವಾಗಲು ದಾರಿಯೇ ಇರುವುದಿಲ್ಲ.

ಹಿಗ್ಗುವುದು ನಿಂತಿತು, ಆದರೆ ಈಗ ಜಡೆ ಬಾವುಟದ ಥರ ಹಿಂದಕ್ಕೆ ಹಾರಿಕೊಂಡೇ ಇತ್ತು. ಒಂದೇ ವೇಗದಲ್ಲಿ ಓಡಿದರೂ ಕೆಳಗೆ ಇಳಿಯುತ್ತಿರಲಿಲ್ಲ. ಮೆಟ್ರೊ ಹಿಡಿಕೆ ಹಾಗೆ ಮಾಡುವುದಿಲ್ಲ ಅಲ್ವಾ? ಹಿಡಿಕೆಯ ಸುತ್ತ ಇರುವ ಗಾಳಿಯೂ ರೈಲಿನ ಜೊತೆಯೇ ಹೋಗುತ್ತಿರುತ್ತದೆ. ನನ್ನ ಡ್ರ್ಯಾಗ್ ಮಾತ್ರ ಇಡೀ ಲೋಕಕ್ಕೆ ಹೋಲಿಸಿ ವೇಗ ಕಡಿಮೆ ಮಾಡುತ್ತಿತ್ತು. ಅದಕ್ಕೇ ಪ್ರತಿ ಫ್ರೇಮ್‌ನಲ್ಲೂ ಪಾತ್ರ ಎಷ್ಟು ಸರಿಯಿತೋ ಅದರ 80 ಶೇಕಡಾವನ್ನು `cur`, `prev` ಎರಡಕ್ಕೂ ಮೊದಲೇ ಕೂಡಿಸಿದೆ. ಈಗ ಸ್ಪ್ರಿಂಗ್‌ಗೆ ಕಾಣುವುದು ಸೆಕೆಂಡಿಗೆ 1 ಮೀಟರ್ ಮಾತ್ರ. ಹಿಂದುಳಿಯುವುದು 7 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ, ವಾಲುವುದು ಸುಮಾರು 30 ಡಿಗ್ರಿ. ಪೂರ್ತಿ 100 ಕೊಟ್ಟರೆ ಓಡುವವಳಿಗೆ ಗಾಳಿಯೇ ತಾಗದ ಹಾಗೆ ಕಾಣುತ್ತದೆ, ನನಗೆ ಅದು ಹಿಡಿಸಲಿಲ್ಲ. VRM ಎಂಬ ಫೈಲ್ ರೂಪದಲ್ಲಿ ಬರುವ 3D ಪಾತ್ರಗಳಲ್ಲಿ ಇದೇ ಕೆಲಸಕ್ಕೆ `center` ಅಂತ ಒಂದು ಸೆಟ್ಟಿಂಗ್ ಇದೆ.

ಇನ್ನು ನಡುಕ. ಓಡುವಾಗ ಮಾತ್ರ ಜಡೆ ಸಣ್ಣಗೆ ನಡುಗುತ್ತಿತ್ತು. ಎಲ್ಲರಂತೆ ನಾನೂ `drag` ಜಾಸ್ತಿ ಮಾಡಿದೆ. ನಡುಕ ಹೋಗಲಿಲ್ಲ, ಜಡೆ ಕೋಲಾಯಿತು. ಒಂದು ಸಂಜೆ ಸುಮ್ನೆ ಪಾತ್ರ ಫ್ರೇಮಿಗೆ ಎಷ್ಟು ಮೀಟರ್ ಸರಿಯುತ್ತದೆ ಅಂತ ಪ್ರಿಂಟ್ ಮಾಡಿ ನೋಡಿದೆ:

```
0.10 0.10 0.10 0.10 0.10 0.00
```

ತಪ್ಪು ಜಡೆಯದ್ದಲ್ಲ! ಪಾತ್ರವನ್ನು `FixedUpdate` ಒಳಗೆ ಓಡಿಸುತ್ತಿದ್ದೆ. ನಾವು ಬದಲಿಸದಿದ್ದರೆ ಅದು ಸೆಕೆಂಡಿಗೆ 50 ಸಲ ನಡೆಯುತ್ತದೆ, ಪರದೆ ಬದಲಾಗುವುದು 60 ಸಲ. ಹಾಗಾಗಿ ಪ್ರತಿ ಆರನೇ ಫ್ರೇಮ್‌ನಲ್ಲಿ ಹುಡುಗಿ ನಿಂತಲ್ಲೇ ನಿಲ್ಲುತ್ತಾಳೆ. ಸೆಕೆಂಡಿಗೆ 10 ಸಲ ಬ್ರೇಕ್ ಹಾಕಿದ ಹಾಗೆ. ಕಣ್ಣಿಗೆ ದೇಹದ ಈ ತಡೆ ಅಷ್ಟಾಗಿ ಕಾಣದು. ಸ್ಪ್ರಿಂಗ್ ಅದನ್ನು ತುದಿಗೆ ಒಯ್ದು ತೋರಿಸುತ್ತದೆ. ಪಾತ್ರದ Rigidbody ಮೇಲೆ, ಎರಡು ಹೆಜ್ಜೆಗಳ ನಡುವಿನ ಜಾಗವನ್ನು ಫ್ರೇಮಿಗೆ ಹೊಂದಿಸಿಕೊಡುವ `Interpolate` ಹಾಕಿ, ಸ್ಪ್ರಿಂಗ್ ಕೋಡನ್ನು `LateUpdate`ನಲ್ಲಿ, ಅಂದರೆ ಅನಿಮೇಷನ್ ಮುಗಿದ ಮೇಲೆ ನಡೆಸಿದೆ. `drag` ಮತ್ತೆ 0.4ಕ್ಕೆ ಬಂತು, ನಡುಕ ಹೋಯಿತು.

ಪಾತ್ರ ನಿಂತಿದ್ದಾಗಲೂ ನಡುಗಿದರೆ ಕಾರಣ ಬೇರೆ. ಸಾಮಾನ್ಯವಾಗಿ, ಜಡೆ ದೇಹದೊಳಗೆ ನುಗ್ಗದಂತೆ ಬೆನ್ನಿಗೆ ಇಟ್ಟ ಕೊಲೈಡರ್ ಒಳಗೆ ಜಡೆಯ ಮೂಲ ಜಾಗವೇ ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗ್ ಒಳಗೆ ಎಳೆಯುತ್ತದೆ, ಕೊಲೈಡರ್ ಹೊರಗೆ ತಳ್ಳುತ್ತದೆ. ಕೊಲೈಡರ್ ಸ್ವಲ್ಪ ಚಿಕ್ಕದು ಮಾಡಿ.

ಬಾಲಕ್ಕೂ ಇದೇ ಲೆಕ್ಕ ಸಾಕು. ಹೆಗಲ ಮೇಲಿನ ಕೇಪ್‌ಗೆ ಸಾಲದು. ಅಲ್ಲಿ ನಾಲ್ಕೈದು ಬೋನ್ ಸರಪಳಿ ಅಕ್ಕಪಕ್ಕ ಇಳಿದಿರುತ್ತವೆ. ಒಂದೊಂದರ ಉದ್ದ ಸರಿಯಿದ್ದರೂ ಎರಡು ಸರಪಳಿ ದೂರ ಸರಿದರೆ ನಡುವಿನ ಬಟ್ಟೆ ಹಿಗ್ಗುತ್ತದೆ. ಅಕ್ಕಪಕ್ಕದ ಚುಕ್ಕಿಗಳ ನಡುವೆಯೂ ಅಂತರ ಕಾಯುವ ಅಡ್ಡ ಕೊಂಡಿ ಬೇಕು. ಅದನ್ನು ಸರಿಪಡಿಸಿದಾಗ ಉದ್ದದ ಲೆಕ್ಕ ಸ್ವಲ್ಪ ಕೆಡುತ್ತದೆ, ಉದ್ದ ಸರಿಪಡಿಸಿದರೆ ಅಡ್ಡದ್ದು ಕೆಡುತ್ತದೆ. ನಾನು ಎರಡನ್ನೂ ಒಂದಾದ ಮೇಲೊಂದು ಮೂರು ಸುತ್ತು ನಡೆಸಿ, ಉದ್ದದ ಸಾಲನ್ನು ಕೊನೆಗೆ ಇಡುತ್ತೇನೆ.