100 ಕೋಟಿ ಖರ್ಚು, 200 ಕೋಟಿ ಆದಾಯ: ಗುಣಕದ ಲೆಕ್ಕ ಎಲ್ಲಿ ತಪ್ಪುತ್ತದೆ?

ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ಇದೆ. ಸೀಮಾಂತ ಅನುಭೋಗ ಪ್ರವೃತ್ತಿ, ಅಂದರೆ ಕೈಗೆ ಬಂದ ಹೆಚ್ಚುವರಿ ಆದಾಯದಲ್ಲಿ ಖರ್ಚಾಗುವ ಪಾಲು, c = 0.8. ತೆರಿಗೆ ದರ t = 0.25. ಸೀಮಾಂತ ಆಮದು ಪ್ರವೃತ್ತಿ, ಅಂದರೆ ಹೆಚ್ಚಿದ ಆದಾಯದಲ್ಲಿ ಆಮದಿಗೆ ಹೋಗುವ ಪಾಲು, m = 0.1. ಸರ್ಕಾರ 100 ಕೋಟಿ ಹೆಚ್ಚು ಖರ್ಚು ಮಾಡಿದರೆ ರಾಷ್ಟ್ರೀಯ ಆದಾಯ ಎಷ್ಟು ಏರುತ್ತದೆ? ಖರ್ಚಿನ ಎಷ್ಟು ಪಟ್ಟು ಆದಾಯ ಏರುತ್ತದೋ ಅದೇ ಗುಣಕ.

ಪಿಯುಸಿಯಲ್ಲಿ ಕಲಿತ 1/(1−c) ಮಾತ್ರ ನೆನಪಿದ್ದವರು 500 ಕೋಟಿ ಅಂತ ಬರೆಯುತ್ತಾರೆ. ಸ್ವಲ್ಪ ಮುಂದೆ ಓದಿದವರು ಬಹಳಷ್ಟು ಸಲ 181.8 ಅಂತ ಬರೆಯುತ್ತಾರೆ. ಸರಿ ಉತ್ತರ 200. ಈ 181.8 ಹೇಗೆ ಬರುತ್ತದೆ ಅನ್ನೋದನ್ನು ಬಿಡಿಸಿ ನೋಡಿದರೆ ಗುಣಕದ ಮುಕ್ಕಾಲು ವಿಷಯ ಅರ್ಥವಾಗುತ್ತದೆ, ಅದಕ್ಕೇ ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ಸೂತ್ರ ಬಿಟ್ಟು ದುಡ್ಡಿನ ಹಿಂದೆ ಹೋಗೋಣ. ಸರ್ಕಾರ ಒಂದು ರಸ್ತೆಗೆ 100 ಕೋಟಿ ಸುರಿಯಿತು ಅಂತಿಟ್ಟುಕೊಳ್ಳಿ. ಜಲ್ಲಿ ಕ್ರಷರ್‌ನವರು, ಟಿಪ್ಪರ್ ಡ್ರೈವರ್‌ಗಳು, ಕೂಲಿಯವರು, ಗುತ್ತಿಗೆದಾರರು, ಇವರೆಲ್ಲರ ಕೈಗೆ ಸೇರಿ 100 ಕೋಟಿ ಆದಾಯ ಬಂತು. ಅದರಲ್ಲಿ 25 ತೆರಿಗೆಗೆ ಹೋಯಿತು. ಉಳಿದದ್ದು 75. ಜನ ಖರ್ಚು ಮಾಡುವುದು ಈ 75ರಿಂದ, 100ರಿಂದ ಅಲ್ಲ. 75ರಲ್ಲಿ ಎಂಬತ್ತು ಶೇಕಡಾ ಅಂದರೆ 60 ಖರ್ಚು, 15 ಉಳಿತಾಯ. ಆ 60ರಲ್ಲಿ 10 ಕೋಟಿ ಹೊರದೇಶಕ್ಕೆ ಹೋಗುತ್ತದೆ: ಟಿಪ್ಪರ್‌ಗೆ ಹಾಕುವ ಡೀಸೆಲ್‌ನ ಕಚ್ಚಾ ತೈಲ, ಅಡುಗೆಮನೆಯ ತಾಳೆ ಎಣ್ಣೆ, ಮೊಬೈಲ್‌ನ ಬಿಡಿಭಾಗ. ಹಾಗಾಗಿ ದೇಶದೊಳಗೆ ಎರಡನೇ ಸುತ್ತಿಗೆ ಉಳಿಯುವುದು 50. ಮೂರನೇ ಸುತ್ತಿಗೆ 25, ಆಮೇಲೆ 12.5. ಎಲ್ಲ ಕೂಡಿಸುತ್ತಾ ಹೋದರೆ 200ಕ್ಕೆ ಬಂದು ನಿಲ್ಲುತ್ತದೆ.

ಇದನ್ನೇ ಸೂತ್ರದಲ್ಲಿ ಹೀಗೆ ಬರೆಯುತ್ತಾರೆ, k ಅಂದರೆ ಗುಣಕ:

```
k = 1 / [1 − c(1 − t) + m]
  = 1 / [1 − 0.6 + 0.1]
  = 1 / 0.5 = 2
```

ಸುತ್ತು ಸುತ್ತಾಗಿ ಹೀಗೆ ಲೆಕ್ಕ ಹಾಕುವ ಕ್ರಮವನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಕಾನ್ 1931ರಲ್ಲೇ ಒಂದು ಲೇಖನದಲ್ಲಿ ಕೊಟ್ಟಿದ್ದರು. ಬ್ರಿಟನ್‌ನಲ್ಲಿ ನಿರುದ್ಯೋಗ ತುಂಬಿದ್ದ ಕಾಲ ಅದು. ಐದು ವರ್ಷ ಕಳೆದು ಕೇನ್ಸ್ ಅದನ್ನು ತಮ್ಮ ಸಿದ್ಧಾಂತದ ನಡುಮಧ್ಯಕ್ಕೆ ತಂದರು. ಆಮದಿಗೆ, ಉಳಿತಾಯಕ್ಕೆ ಹೋಗುವ ದುಡ್ಡನ್ನು ಸೋರಿಕೆ ಅಂತ ನೋಡುವ ರೀತಿ ಕಾನ್ ಲೇಖನದಲ್ಲೇ ಇದೆ.

ಈಗ 181.8ಕ್ಕೆ ಬರೋಣ. ಸೋರಿಕೆಗಳನ್ನು ಕೂಡಿಸಿ ಛೇದಕ್ಕೆ ಹಾಕಬೇಕು ಅನ್ನೋದು ವಿದ್ಯಾರ್ಥಿಗೆ ಗೊತ್ತು. ಉಳಿತಾಯ 0.2, ತೆರಿಗೆ 0.25, ಆಮದು 0.1, ಒಟ್ಟು 0.55, ಆಮೇಲೆ 1/0.55. ನೋಡಲು ಚೆನ್ನಾಗಿಯೇ ಇದೆ, ಆದರೆ ಆ 0.2 ಯಾವುದರ ಪಾಲು? ಕೈಗೆ ಬಂದ 75ರ ಪಾಲು. ತೆರಿಗೆ ಮತ್ತು ಆಮದು ಪೂರ್ತಿ 100ರ ಪಾಲು. ಬೇರೆ ಬೇರೆ ಮೊತ್ತದ ಪಾಲುಗಳನ್ನು ಹಾಗೇ ಕೂಡಿಸುವಂತಿಲ್ಲ, ಅಲ್ವಾ? ಮೊದಲು ಉಳಿತಾಯವನ್ನು 100ರ ಪಾಲಿಗೆ ತರಬೇಕು: 0.2 × 0.75 = 0.15. ಆಗ 0.15 + 0.25 + 0.1 = 0.5. ಎರಡೂ ದಾರಿ ಒಂದೇ ಕಡೆ ಸೇರಿತು.

ತಪ್ಪು ಹಿಡಿಯಲು ಒಂದು ಒಳ್ಳೆಯ ಉಪಾಯ ಇದೆ, ಪರೀಕ್ಷೆಯಲ್ಲಿ ಅರ್ಧ ನಿಮಿಷ ಸಾಕು. ಹಾಕಿದ ದುಡ್ಡು ಎಷ್ಟೋ, ಕೊನೆಗೆ ಸೋರಿದ ದುಡ್ಡು ಅಷ್ಟೇ ಇರಬೇಕು. ಇಲ್ಲದಿದ್ದರೆ ಸುತ್ತು ಇನ್ನೂ ಮುಗಿದಿಲ್ಲ ಅಂತ ಅರ್ಥ, ಇಲ್ಲವೇ ಲೆಕ್ಕ ತಪ್ಪಿದೆ. ಆದಾಯ 200 ಏರಿದರೆ ತೆರಿಗೆ 50, ಆಮದು 20, ಕೈಗೆ ಬಂದ 150ರಲ್ಲಿ ಉಳಿತಾಯ 30. ಒಟ್ಟು 100. ಸರಿ. ಇದನ್ನೇ 181.8ಕ್ಕೆ ಮಾಡಿ ನೋಡಿ: ತೆರಿಗೆ 45.5, ಆಮದು 18.2, ಉಳಿತಾಯ 27.3, ಕೂಡಿದರೆ 91. ಉಳಿದ 9 ಕೋಟಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಉತ್ತರ ತಪ್ಪು.

ಇದರಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ಸರ್ಕಾರದ ಕೊರತೆ ಎಷ್ಟು ಹೆಚ್ಚುತ್ತದೆ ಅಂತ ಕೇಳಿದರೆ 100 ಅಂತ ಬರೆದುಬಿಡಬೇಡಿ. 50 ಕೋಟಿ ತೆರಿಗೆಯಾಗಿ ವಾಪಸ್ ಬಂದಿದೆ, ಹಾಗಾಗಿ ಕೊರತೆ 50 ಮಾತ್ರ. ರಫ್ತು ಬದಲಾಗದಿದ್ದರೆ ವ್ಯಾಪಾರ ಕೊರತೆ 20 ಏರುತ್ತದೆ.

ಆಮದಿನ ವಾಕ್ಯವನ್ನು ಮಾತ್ರ ಎರಡು ಸಲ ಓದಿ. ಆಮದು M, ರಾಷ್ಟ್ರೀಯ ಆದಾಯ Y ಆಗಿ M = 0.1Y ಅಂದಿದ್ದರೆ ಮೇಲಿನ ಸೂತ್ರ. ಆಮದು ಕೈಗೆ ಬಂದ ಆದಾಯದ ಹತ್ತನೇ ಒಂದು ಪಾಲು ಅಂದಿದ್ದರೆ ಅದಕ್ಕೂ 0.75 ಗುಣಿಸಬೇಕು. ಆಗ ಛೇದ 0.475, ಗುಣಕ ಸುಮಾರು 2.1.

ಎಲ್ಲಕ್ಕಿಂತ ಜಾಸ್ತಿ ಅಂಕ ಕಳೆಯುವ ಜಾಗ ತೆರಿಗೆ ಕಡಿತ. ಸರ್ಕಾರ ಖರ್ಚು ಹೆಚ್ಚಿಸಲಿಲ್ಲ, ಬದಲಿಗೆ ಎಲ್ಲರಿಂದ ವಸೂಲಾಗುವ ಒಂದು ನಿಗದಿತ ತೆರಿಗೆಯಲ್ಲಿ 100 ಕೋಟಿ ಬಿಟ್ಟುಕೊಟ್ಟಿತು, ದರ 0.25 ಹಾಗೇ ಇದೆ. ಉತ್ತರ 200 ಅಲ್ಲ. ರಸ್ತೆಗೆ ಹಾಕಿದ 100 ಕೋಟಿ ಮೊದಲ ಸುತ್ತಿನಲ್ಲೇ ಪೂರ್ತಿ ಖರ್ಚಾಗಿತ್ತು. ತೆರಿಗೆ ಬಿಟ್ಟಾಗ ಜನ ಅದರಲ್ಲಿ 20 ಎತ್ತಿಟ್ಟುಕೊಂಡು 80 ಮಾತ್ರ ಖರ್ಚು ಮಾಡುತ್ತಾರೆ. ಹಾಗಾಗಿ 80 × 2 = 160. ಇಲ್ಲಿ ಕೆಲವರು 80ರಿಂದ ಆಮದನ್ನೂ ಕಳೆಯುತ್ತಾರೆ. ಬೇಡ, M = 0.1Y ಇರುವಾಗ ಅದು ಛೇದದಲ್ಲಿ ಆಗಲೇ ಲೆಕ್ಕಕ್ಕೆ ಬಂದಿದೆ.

ಇದನ್ನೂ ಸೋರಿಕೆಯಿಂದ ಪರೀಕ್ಷಿಸಬಹುದು. ಈ ಸಲ ಹೊಸ ಖರ್ಚು ಏನೂ ಇಲ್ಲ, ಹಾಗಾಗಿ ಸೋರಿಕೆಯ ಬದಲಾವಣೆ ಒಟ್ಟು ಸೊನ್ನೆ ಬರಬೇಕು. ತೆರಿಗೆ 100 ಇಳಿದು, ಹೊಸ ಆದಾಯದ ಮೇಲೆ 40 ಏರಿ, ಒಟ್ಟು 60 ಇಳಿಯಿತು. ಕೈಗೆ ಬಂದ ಆದಾಯ 160 + 60 = 220 ಹೆಚ್ಚಿತು, ಅದರಲ್ಲಿ ಉಳಿತಾಯ 44. ಆಮದು 16. ಅಂದರೆ 44 + 16 − 60 = 0. ಹೋಲಿಸಿ ನೋಡಿ: ರಸ್ತೆ ಕಟ್ಟಿದಾಗ ಆದಾಯ 200 ಏರಿ ಕೊರತೆ 50 ಆಗಿತ್ತು. ತೆರಿಗೆ ಬಿಟ್ಟಾಗ ಆದಾಯ 160 ಏರಿ ಕೊರತೆ 60. ಖರ್ಚೋ ತೆರಿಗೆ ಕಡಿತವೋ ಅನ್ನುವ ವಾದದಲ್ಲಿ ಕೇನ್ಸ್ ಪಕ್ಷದವರು ಖರ್ಚಿನ ಕಡೆ ವಾಲುವುದು ಈ ಅಂಕಿಗಳಿಂದಲೇ.

ಇನ್ನು ಇಂಥ ಪ್ರಶ್ನೆಗಳಲ್ಲಿ ಎಷ್ಟೋ ಸಲ ಬರುವ 'ಬೆಲೆ ಸ್ಥಿರವಾಗಿದೆ' ಅನ್ನುವ ಮಾತು. ಅದನ್ನು ಸುಮ್ನೆ ಹಾಕಿರುವುದಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ, ಮುಂದೆ ಬಳ್ಳಾರಿಯ ಸಂಸದರೂ ಆದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1952ರಲ್ಲೇ ಇದರ ಬಗ್ಗೆ ಬರೆದರು. ಬ್ರಿಟನ್‌ನಲ್ಲಿ ಕಾರ್ಖಾನೆಗಳು ಖಾಲಿ ನಿಂತಿದ್ದವು, ಬೇಡಿಕೆ ಬಂದ ಕೂಡಲೇ ಯಂತ್ರ ಓಡಿಸಬಹುದಿತ್ತು. ಭಾರತದಂಥ ದೇಶದಲ್ಲಿ ಕೂಲಿ ಕೈಗೆ ಬಂದವರು ಮೊದಲು ಕೊಳ್ಳುವುದು ಆಹಾರ. ಆದರೆ ಬೆಳೆಯನ್ನು ಆ ವರ್ಷವೇ ಬೇಕಾದಷ್ಟು ಹೆಚ್ಚಿಸಲು ಆಗುವುದಿಲ್ಲ. ಆಗ ಎರಡನೇ ಸುತ್ತಿನ 50 ಕೋಟಿ ಹೆಚ್ಚು ಅಕ್ಕಿಯಾಗಿ ಬರುವ ಬದಲು ಅಕ್ಕಿಯ ಬೆಲೆಯಾಗಿ ಏರುತ್ತದೆ. ರೂಪಾಯಿ ಲೆಕ್ಕದಲ್ಲಿ 200 ಸಿಗಬಹುದು, ಸರಕಿನ ಲೆಕ್ಕದಲ್ಲಿ ಸಿಗುವುದಿಲ್ಲ. ಪ್ರಶ್ನೆಯಲ್ಲಿ ಆ ಮಾತು ಇಲ್ಲದೆ, ಪೂರೈಕೆ ಹೆಚ್ಚಿಸಲು ಆಗದು ಅಂತ ಕೊಟ್ಟಿದ್ದರೆ ಉತ್ತರದಲ್ಲಿ ಈ ವ್ಯತ್ಯಾಸವನ್ನು ಬರೆಯಲೇಬೇಕು.