ಎರಡನೇ ಉತ್ತರ ಬರೆಯುವ ಮೊದಲು

ಮಂಗಳೂರಿನ ಕಂಕನಾಡಿಯಲ್ಲಿ ಒಂದು ಹಲ್ಲಿನ ಕ್ಲಿನಿಕ್ ಇದೆ ಎಂದಿಟ್ಟುಕೊಳ್ಳಿ. ಅದರ ಫೇಸ್‌ಬುಕ್ ಪೇಜಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಒಂದು ಸಾಲಿನ ಸೂಚನೆ ಬೀಳುತ್ತದೆ: ‘ಚೌತಿ ಪ್ರಯುಕ್ತ ನಾಳೆ ಕ್ಲಿನಿಕ್‌ಗೆ ರಜೆ.’ ಹತ್ತೂಕಾಲಿಗೆ ಒಬ್ಬರು ಈದ್ ಬಗ್ಗೆ ಕೇಳುತ್ತಾರೆ, ‘ಚೌತಿಗೆ ರಜೆ, ಪೆರ್ನಾಲಿಗೆ ಯಾಕೆ ಇಲ್ಲ ಡಾಕ್ಟ್ರೇ?’ ಅದರ ಕೆಳಗೆ ಇನ್ನೊಬ್ಬರು ಒಂದು ಸಮುದಾಯವನ್ನೇ ಹೀಯಾಳಿಸುತ್ತಾರೆ. ಮೂರನೆಯವರು ಚುನಾವಣೆಯ ಮಾತು ತೆಗೆಯುತ್ತಾರೆ. ಹನ್ನೊಂದಕ್ಕೆ ಹದಿನಾಲ್ಕು ಕಮೆಂಟ್. ಒಳಗೆ ಡಾಕ್ಟರು ರೂಟ್ ಕೆನಾಲ್‌ನಲ್ಲಿದ್ದಾರೆ, ಫೋನು ರಿಸೆಪ್ಷನ್‌ನಲ್ಲಿದೆ.

ಇಂಥಲ್ಲಿ ಅಪರಿಚಿತರ ಕಮೆಂಟಿನಿಂದ ಡಾಕ್ಟರ ಹೆಸರು ಕೆಡುವುದು ಕಡಿಮೆ. ಕೆಡುವುದು ಡಾಕ್ಟರೇ ಬರೆಯುವ ಎರಡನೇ ಉತ್ತರದಿಂದ. ಮೊದಲ ಉತ್ತರ ಸಾಮಾನ್ಯವಾಗಿ ಸಭ್ಯವಾಗಿಯೇ ಇರುತ್ತದೆ. ಅದಕ್ಕೆ ಎದುರಾಳಿ ಕೊಂಕು ತೆಗೆದಾಗ ಬರೆಯುವ ಎರಡನೆಯದು ಸಮರ್ಥನೆಯಾಗುತ್ತದೆ, ಮೂರನೆಯದು ಜಗಳವಾಗುತ್ತದೆ. ಸ್ಕ್ರೀನ್‌ಶಾಟ್ ಆಗಿ ಅಪಾರ್ಟ್‌ಮೆಂಟ್ ಗ್ರೂಪಿನಿಂದ ಶಾಲೆಯ ಗ್ರೂಪಿಗೆ ಹೋಗುವುದು ಆ ಮೂರನೆಯದೇ. ಹಾಗಾಗಿ ಉತ್ತರ ಒಂದೇ ಇರಲಿ, ಅದನ್ನು ಪೂರ್ತಿ ಯೋಚಿಸಿ ಬರೆಯಿರಿ.

ಆ ಒಂದು ಉತ್ತರ ಯಾವುದಕ್ಕೆ? ಹದಿನಾಲ್ಕು ಕಮೆಂಟಿನಲ್ಲಿ ಕ್ಲಿನಿಕ್ ಉತ್ತರಿಸಬೇಕಾದ ಪ್ರಶ್ನೆ ಒಂದೇ ಒಂದು: ಪೆರ್ನಾಲಿಗೆ, ಅಂದರೆ ಈದ್‌ಗೆ, ರಜೆ ಉಂಟೋ ಇಲ್ಲವೋ. ಕೇಳಿದ ಧಾಟಿ ಚುಚ್ಚುವಂತಿದ್ದರೂ ಪ್ರಶ್ನೆ ನ್ಯಾಯವಾದದ್ದೇ, ರೋಗಿಗೆ ಬೇಕಾದ ಮಾಹಿತಿಯೇ. ಅದಕ್ಕೆ ಹೀಗೆ ಬರೆಯಬಹುದು: ‘ನಮಸ್ಕಾರ. ಚೌತಿ, ಈದ್, ಕ್ರಿಸ್‌ಮಸ್ ಮೂರಕ್ಕೂ ಕ್ಲಿನಿಕ್‌ಗೆ ಒಂದೊಂದು ದಿನ ರಜೆ ಇದೆ. ಚೌತಿಯ ದಿನ ತುರ್ತು ನೋವಿದ್ದರೆ ಕ್ಲಿನಿಕ್ ನಂಬರಿಗೆ ಕರೆ ಮಾಡಿ.’ ಈದ್‌ಗೆ ರಜೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ: ‘ಈದ್ ದಿನ ಕ್ಲಿನಿಕ್ ತೆರೆದಿರುತ್ತದೆ, ಹಬ್ಬ ಇರುವ ಸಿಬ್ಬಂದಿಗೆ ರಜೆ ಕೊಡುತ್ತೇವೆ.’ ಇಲ್ಲದ್ದನ್ನು ಉಂಟೆಂದರೆ ಬರುವ ಈದ್ ದಿನವೇ ಯಾರಾದರೂ ತೆರೆದ ಬಾಗಿಲಿನ ಫೋಟೊ ಹಾಕುತ್ತಾರೆ.

‘ನಮಗೆ ಎಲ್ಲ ಧರ್ಮವೂ ಒಂದೇ’ ಎಂಬ ಸಾಲನ್ನು ಸೇರಿಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತೀರಿ, ಆದರೆ ಅಲ್ಲಿಯವರೆಗೆ ರಜೆಯ ಬಗ್ಗೆ ಇದ್ದ ಮಾತು ಅಲ್ಲಿಂದ ನಿಮ್ಮ ನಂಬಿಕೆಯ ಬಗ್ಗೆ ಆಗುತ್ತದೆ. ‘ಒಂದೇ ಆದರೆ ಅದು ಯಾಕೆ, ಇದು ಯಾಕೆ’ ಎಂಬ ಸವಾಲು ಬಂದೇ ಬರುತ್ತದೆ. ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮೂರಲ್ಲಿ ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲೇ ಹೇಳುವುದು ರೂಢಿ, ಎದುರೆದುರು ಮಾತಾಡುವಾಗ ಅದೇ ಚೆಂದ. ಜಗಳ ಎದ್ದ ಕಡೆ ಮಾತ್ರ ಅದು ಒಬ್ಬರ ಹೆಗಲ ಮೇಲೆ ಕೈ ಹಾಕಿದಂತೆ ಉಳಿದವರಿಗೆ ಕಾಣುತ್ತದೆ. ಸೂಚನೆ ಕನ್ನಡದಲ್ಲಿದ್ದರೆ ಉತ್ತರವೂ ಕನ್ನಡದಲ್ಲೇ ಇರಲಿ.

ಉತ್ತರವನ್ನು ಮೊದಲು ಫೋನಿನ ನೋಟ್ಸ್‌ನಲ್ಲಿ ಬರೆದು, ಇನ್ನೊಬ್ಬರಿಗೆ ಓದಿಸಿ, ಆಮೇಲೆ ಹಾಕಿ. ಫೇಸ್‌ಬುಕ್‌ನಲ್ಲಿ ಕಮೆಂಟ್ ತಿದ್ದಿದರೆ ಹಳೆಯ ರೂಪವನ್ನು ಯಾರು ಬೇಕಾದರೂ `View edit history` ಒತ್ತಿ ನೋಡಬಹುದು. ತಿದ್ದಿದ್ದೇ ಹೊಸ ಆರೋಪವಾಗುತ್ತದೆ.

ಇನ್ನು ಉಳಿದ ಕಮೆಂಟುಗಳು. ಹೆಚ್ಚಿನವರು ತಪ್ಪುವುದು ಇಲ್ಲಿ. `Hide comment` ಒತ್ತಿದರೆ ಕಮೆಂಟ್ ಮಾಯವಾಯಿತು ಎಂದುಕೊಳ್ಳುತ್ತಾರೆ. ಮಾಯವಾಗುವುದಿಲ್ಲ. ಬರೆದವರಿಗೂ ಅವರ ಫ್ರೆಂಡ್ಸ್‌ಗೂ ಅದು ಕಾಣುತ್ತಲೇ ಇರುತ್ತದೆ. ದೊಡ್ಡ ನಗರದಲ್ಲಿ ಇದು ಸಾಕಾದೀತು. ಮಂಗಳೂರು, ಉಡುಪಿಯಲ್ಲಿ ಆ ಫ್ರೆಂಡ್ಸ್ ಎಂದರೆ ನಿಮ್ಮ ರೋಗಿಗಳ ಅಣ್ಣತಮ್ಮಂದಿರು, ಅದೇ ಕಾಲೇಜಿನಲ್ಲಿ ಓದಿದವರು. ಬೈಗುಳ ಅವರೆಲ್ಲರ ಕಣ್ಣ ಮುಂದೆ ನಿಮ್ಮ ಪೇಜಿನಲ್ಲಿ ಉಳಿದಂತೆಯೇ ಆಯಿತು. ಆದ್ದರಿಂದ ಚುನಾವಣೆಯಂಥ ಅಡ್ಡಮಾತಿಗೆ ಹೈಡ್ ಸಾಕು. ಸಮುದಾಯದ ನಿಂದನೆ, ಬೆದರಿಕೆ, ವ್ಯಕ್ತಿಯ ಮನೆ-ಫೋನಿನ ವಿವರ ಇದ್ದರೆ ಡಿಲೀಟ್ ಮಾಡಿ.

ಡಿಲೀಟ್‌ಗೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಹೆಸರು, ಪೂರ್ತಿ ಮಾತು, ಅದು ಯಾವ ಪೋಸ್ಟಿನ ಕೆಳಗಿದೆ ಎಂಬುದು ಮೂರೂ ಒಂದೇ ಚಿತ್ರದಲ್ಲಿರಲಿ. ಕಮೆಂಟಿನ ಕೆಳಗೆ ‘40 ನಿಮಿಷ’ ಎಂದಷ್ಟೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ತೆರೆದು ಅದರ ಮೇಲೆ ಮೌಸ್ ಇಟ್ಟರೆ ತಾರೀಖು, ಗಂಟೆ ಸಿಗುತ್ತದೆ. ಒತ್ತಿದರೆ ಆ ಕಮೆಂಟಿನದೇ ಲಿಂಕ್ ತೆರೆಯುತ್ತದೆ. ಬೆದರಿಕೆ ಇದ್ದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗುವಾಗ ಈ ಲಿಂಕ್ ಬೇಕು. ದ್ವೇಷ ಹರಡುವ ಬರಹಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ, ಆನ್‌ಲೈನ್ ಬರಹವೂ ಅದರಲ್ಲಿ ಸೇರಿದೆ.

ಇನ್ನೊಂದು ಸೂಕ್ಷ್ಮ. ಮೂಲ ಕಮೆಂಟ್ ಡಿಲೀಟ್ ಮಾಡಿದರೆ ಅದರ ಕೆಳಗಿನ ಉತ್ತರಗಳೂ ಹೋಗುತ್ತವೆ. ‘ಇದು ಆಸ್ಪತ್ರೆ ಪೇಜು ಮಾರಾಯ್ರೆ, ಇಲ್ಲಿ ಬೇಡ’ ಎಂದು ನಿಮ್ಮ ಪರವಾಗಿ ಬರೆದ ಹಳೆಯ ರೋಗಿಯ ಮಾತೂ ಹೋಗುತ್ತದೆ. ತನ್ನದನ್ನೂ ಅಳಿಸಿದರಲ್ಲ ಎಂದು ಅವರಿಗೆ ಬೇಸರವಾಗದಿರಲು ಅವರಿಗೊಂದು ಖಾಸಗಿ ಮೆಸೇಜ್ ಹಾಕಿ. ಎರಡೂ ಬದಿಯ ಬೈಗುಳಕ್ಕೆ ಒಂದೇ ಅಳತೆ ಇರಬೇಕು. ಒಂದು ಬದಿಯದನ್ನು ಅಳಿಸಿ ಇನ್ನೊಂದನ್ನು ಬಿಟ್ಟರೆ, ನೀವು ಮರೆತಿದ್ದರೂ ಊರು ಅದನ್ನು ಮರೆವು ಎನ್ನುವುದಿಲ್ಲ.

ಇಷ್ಟಾದ ಮೇಲೆ ಪೋಸ್ಟಿನ ಮೂರು ಚುಕ್ಕಿ ಒತ್ತಿ `Who can comment on your post?` ತೆರೆದು, ಹೊಸ ಕಮೆಂಟಿಗೆ ಬಾಗಿಲು ಹಾಕಿ. ಇಡೀ ಪೋಸ್ಟ್ ತೆಗೆಯಬೇಡಿ. ಸ್ಕ್ರೀನ್‌ಶಾಟ್ ಆಗಲೇ ಹೊರಗೆ ಹೋಗಿರುತ್ತದೆ, ಅದನ್ನು ನೋಡಿದವರು ಪೇಜಿಗೆ ಬಂದಾಗ ನಿಮ್ಮ ಸಮಾಧಾನದ ಉತ್ತರವಾದರೂ ಅಲ್ಲಿ ಸಿಗಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಆ ರಿಸೆಪ್ಷನ್ ಫೋನಿನಲ್ಲಿದೆ. ಪೇಜ್ ನೋಡಿಕೊಳ್ಳುವ ಸಿಬ್ಬಂದಿ ಸಿಟ್ಟಿನಲ್ಲಿ ತನ್ನ ಅಭಿಪ್ರಾಯ ಬರೆಯುತ್ತಾರೆ, ಅದು ಕ್ಲಿನಿಕ್‌ನ ಹೆಸರಿನಲ್ಲಿ ಬೀಳುತ್ತದೆ. ಕಮೆಂಟ್ ಬರೆಯುವ ಜಾಗದ ಪಕ್ಕದ ಪುಟ್ಟ ಫೋಟೊ ಕ್ಲಿನಿಕ್‌ನದೋ ತನ್ನದೋ ಎಂದು ನೋಡುವ ಅಭ್ಯಾಸ ಮಾಡಿಸಿ. ಆಗಿಯೇ ಹೋಗಿದ್ದರೆ ‘ಅಕೌಂಟ್ ಹ್ಯಾಕ್ ಆಗಿತ್ತು’ ಎನ್ನಬೇಡಿ, ಯಾರೂ ನಂಬುವುದಿಲ್ಲ. ಡಾಕ್ಟರು ತಮ್ಮ ಹೆಸರು ಹಾಕಿಯೇ ಬರೆಯಲಿ: ‘ನಮ್ಮ ಪೇಜಿನಿಂದ ಬಂದ ಆ ಮಾತು ತಪ್ಪು. ಅಳಿಸಿದ್ದೇವೆ. ನೋವಾದವರಲ್ಲಿ ಕ್ಷಮೆ ಕೇಳುತ್ತೇನೆ.’ ಸಿಬ್ಬಂದಿಯ ಹೆಸರು ಹೇಳಬಾರದು. ಡಾಕ್ಟರ ಸ್ವಂತ ಪ್ರೊಫೈಲಿನಲ್ಲಿ ಕ್ಲಿನಿಕ್‌ನ ಹೆಸರಿದ್ದರೆ ಅಲ್ಲಿಂದ ಬೇರೆಯವರ ಪೋಸ್ಟಿಗೆ ಒತ್ತುವ ಲೈಕ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ರಾಜಕೀಯ ಅಭಿಪ್ರಾಯ ಹೇಳುವ ಹಕ್ಕು ಅವರಿಗೂ ಉಂಟು. ಸರ್ಕಾರದ ಕೆಲಸವನ್ನು ಟೀಕಿಸಲಿ, ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರ ಜಾತಿ-ಮತವನ್ನು ಮುಟ್ಟದಿರಲಿ.

ಮರುದಿನ ಗೂಗಲ್‌ನಲ್ಲಿ ಒಂದು ಸ್ಟಾರಿನ ರಿವ್ಯೂ ಬೀಳಬಹುದು. ನಿಜವಾದ ಅನುಭವದ್ದಲ್ಲದ ರಿವ್ಯೂ ಗೂಗಲ್‌ನ ನಿಯಮಕ್ಕೆ ವಿರುದ್ಧ, ಹಾಗಾಗಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ರಿಪೋರ್ಟ್ ಮಾಡಿ. ‘ನೀವು ನಮ್ಮ ರೋಗಿಯೇ ಅಲ್ಲ’ ಎಂದು ಬರೆಯಬೇಡಿ. ಯಾರು ರೋಗಿ, ಯಾರಲ್ಲ ಎಂಬುದನ್ನು ಹೊರಗೆ ಹೇಳುವ ಕ್ಲಿನಿಕ್ ಎಂದು ಉಳಿದವರು ಓದಿಕೊಳ್ಳುತ್ತಾರೆ.

ಮುಂದಿನ ವರ್ಷಕ್ಕೆ ರಜೆಯ ಸೂಚನೆಯನ್ನೇ ಬದಲಿಸಬಹುದು. ಹಬ್ಬಕ್ಕೊಂದು ಪೋಸ್ಟ್ ಬೇಡ, ಜನವರಿಯಲ್ಲೇ ಇಡೀ ವರ್ಷದ ಪಟ್ಟಿ ಹಾಕಿ. ಕ್ರೈಸ್ತರ ಮೊಂತಿ ಫೆಸ್ತ್ ಪ್ರತಿವರ್ಷ ಸೆಪ್ಟೆಂಬರ್ 8. ಚೌತಿ 2024ರಲ್ಲಿ ಅದರ ಹಿಂದಿನ ದಿನವೇ ಬಂದಿತ್ತು. ಈದ್ ಚಂದ್ರದರ್ಶನಕ್ಕೆ ಬಿಟ್ಟದ್ದು, ಕರಾವಳಿಯಲ್ಲಿ ಕೆಲವೊಮ್ಮೆ ಕೇರಳದ ಜೊತೆಗೆ, ರಾಜ್ಯದ ಉಳಿದೆಡೆಗಿಂತ ಒಂದು ದಿನ ಮೊದಲೇ ಆಗುತ್ತದೆ. ಹಾಗಾಗಿ ಸರ್ಕಾರಿ ಪಟ್ಟಿಯ ತಾರೀಖನ್ನು ಹಾಗೆಯೇ ನಕಲು ಮಾಡದೆ ‘ಚಂದ್ರದರ್ಶನದಂತೆ’ ಎಂದು ಬರೆಯಿರಿ.